ಹೇಳಿದ ದಿನಕ್ಕೆ ಬಾರದ ಬಿಲ್ಲುಗಳ ಪಟ್ಟಿ: ಡಿಪೋದ ಹಿರಿಯರಿಗೆ ನೋವಾಗದಂತೆ ನೆನಪಿಸುವುದು ಹೇಗೆ?

ಲೆಕ್ಕದಮನೆ (ನವೆಂಬರ್ 8, ಶನಿವಾರ, ಬೆಳಿಗ್ಗೆ 11:20)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಪಿವಿಸಿ ಪೈಪು ತಯಾರಿಸುವ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ದಾವಣಗೆರೆಯಲ್ಲಿ ನಮ್ಮದೇ ಒಂದು ಡಿಪೋ ಇದೆ. ಅಲ್ಲಿಂದ ಹೋಗುವ ಮಾಲಿನ ಬಿಲ್ಲುಗಳನ್ನು ಅಲ್ಲಿಯ ಕಂಪ್ಯೂಟರಿನಲ್ಲೇ ಟ್ಯಾಲಿಯಲ್ಲಿ ಮಾಡುತ್ತಾರೆ. ತಿಂಗಳು ಮುಗಿದ ಮೇಲೆ ಡಿಪೋವನ್ನು ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿಯೊಬ್ಬರು ಬಿಲ್ಲುಗಳ ಪಟ್ಟಿಯನ್ನೂ ವಾಪಸು ಬಂದ ಮಾಲಿನ ಕ್ರೆಡಿಟ್ ನೋಟುಗಳ ಪಟ್ಟಿಯನ್ನೂ ನನಗೆ ಕಳುಹಿಸುತ್ತಾರೆ. ಅವೆರಡನ್ನೂ ಹುಬ್ಬಳ್ಳಿಯ ಬಿಲ್ಲುಗಳೊಂದಿಗೆ ಸೇರಿಸಿ 11ನೇ ತಾರೀಕಿನೊಳಗೆ ಮಾರಾಟದ ವಿವರ ಕೊಡುವ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸುವುದು ನನ್ನ ಕೆಲಸ.

ಅಕ್ಟೋಬರ್ ತಿಂಗಳ ಪಟ್ಟಿಯನ್ನು 7ನೇ ತಾರೀಕು ಶುಕ್ರವಾರ ಸಂಜೆಯೊಳಗೆ ಕಳುಹಿಸುತ್ತೇನೆ ಎಂದು ಅವರೇ ಫೋನಿನಲ್ಲಿ ಹೇಳಿದ್ದರು. ಇಂದು ಬೆಳಿಗ್ಗೆಯವರೆಗೆ ಬಂದಿಲ್ಲ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕಂಪನಿಗೆ ಆರಂಭದಿಂದಲೂ ದುಡಿದವರು, ಮತ್ತು ನಾನು ಹೊಸದಾಗಿ ಸೇರಿದಾಗ ಎಷ್ಟೋ ವಿಷಯಗಳನ್ನು ತಾಳ್ಮೆಯಿಂದ ಹೇಳಿಕೊಟ್ಟವರು. ಅವರ ಮನಸ್ಸಿಗೆ ನೋವಾಗುವಂತೆ ಬರೆಯಲು ನನಗೆ ಇಷ್ಟವಿಲ್ಲ. ಆದರೆ ಸುಮ್ಮನಿರುವ ಹಾಗೂ ಇಲ್ಲ, ಏಕೆಂದರೆ ಪಟ್ಟಿ ಬಾರದಿದ್ದರೆ ನಮ್ಮಿಂದ ಪೈಪು ಕೊಂಡ ವ್ಯಾಪಾರಿಗಳಿಗೆಲ್ಲ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ನಾನು ಬರೆದುಕೊಂಡಿರುವುದು ಹೀಗಿದೆ:

"ಸರ್, ಅಕ್ಟೋಬರ್ ಪಟ್ಟಿಯನ್ನು ತಾವು 7ನೇ ತಾರೀಕಿನೊಳಗೆ ಕಳುಹಿಸುತ್ತೇನೆಂದು ಹೇಳಿದ್ದಿರಿ. ಆದರೂ ಇದುವರೆಗೂ ಕಳುಹಿಸಿಲ್ಲ. ತಮ್ಮ ಪಟ್ಟಿ ಬಾರದೆ ನಮ್ಮ ಕೆಲಸವೆಲ್ಲ ನಿಂತುಹೋಗಿದೆ. 11ರೊಳಗೆ ರಿಟರ್ನ್ ಸಲ್ಲಿಸದಿದ್ದರೆ ಎಲ್ಲರಿಗೂ ತೊಂದರೆಯಾಗುತ್ತದೆ. ದಯವಿಟ್ಟು ಕೂಡಲೇ ಕಳುಹಿಸಿ. ಅನ್ಯಥಾ ಭಾವಿಸಬೇಡಿ."

ಎಷ್ಟು ಸಲ ಓದಿದರೂ ಇದರಲ್ಲಿ ಎಲ್ಲೋ ಒಂದು ಮುಳ್ಳಿದೆ ಅನಿಸುತ್ತದೆ. ಎಲ್ಲಿದೆ ಎಂದು ಗೊತ್ತಾಗುತ್ತಿಲ್ಲ. ಇಂದು ಮಧ್ಯಾಹ್ನದೊಳಗೆ ಕಳುಹಿಸಬೇಕು. ತಿಳಿದವರು ದಯಮಾಡಿ ಹೇಳಿ.

ಖರೀದಿವಿಭಾಗ (11:41)

ನಮ್ಮಲ್ಲೂ ಇದೇ ಸಮಸ್ಯೆ. ಮಾಲು ಕೊಟ್ಟವರು ರಿಟರ್ನ್ ಸಲ್ಲಿಸುವುದಿಲ್ಲ, ನಮಗೆ ಸಿಗುವ ಕ್ರೆಡಿಟ್ ತೋರಿಸುವ 2ಬಿ ಪಟ್ಟಿಯಲ್ಲಿ ಬಿಲ್ಲು ಕಾಣುವುದಿಲ್ಲ. ನಾವು ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ: 2ಬಿಯಲ್ಲಿ ಬಿಲ್ಲು ಬರುವವರೆಗೆ ತೆರಿಗೆಯಷ್ಟು ಮೊತ್ತವನ್ನು ತಡೆಹಿಡಿದು ಉಳಿದದ್ದನ್ನು ಮಾತ್ರ ಪಾವತಿ ಮಾಡುತ್ತೇವೆ. ನೀವೂ ಹಾಗೆಯೇ ಮಾಡಿ, ಪತ್ರ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಲೆಕ್ಕದಮನೆ (11:48)

ತಮ್ಮ ಸಲಹೆಗೆ ಧನ್ಯವಾದ. ಆದರೆ ಇಲ್ಲಿ ಮಾಲು ಕೊಟ್ಟವರು ನಾವೇ. ತಡವಾಗಿರುವುದು ನಮ್ಮ ಡಿಪೋದಿಂದ, ಅಂದರೆ ನಮ್ಮವರಿಂದಲೇ. ತಡೆಹಿಡಿಯಲು ಯಾವ ಪಾವತಿಯೂ ಇಲ್ಲ, ಇದ್ದಿದ್ದರೂ ಸಹೋದ್ಯೋಗಿಯ ವಿಷಯದಲ್ಲಿ ನಾನು ಆ ದಾರಿ ಹಿಡಿಯುತ್ತಿರಲಿಲ್ಲ.

ಹಳೆಕಡತ (12:05)

ನಾನು ರಾಜ್ಯ ಸರ್ಕಾರದ ಕಚೇರಿಯೊಂದರಲ್ಲಿ ಅಧೀಕ್ಷಕನಾಗಿ ನಿವೃತ್ತನಾದವನು. ಇಂಥ ಸಂದರ್ಭದಲ್ಲಿ ಭಾವನೆಗಳನ್ನು ಹೊರಗಿಟ್ಟು ಬರೆಯುವುದು ಎರಡೂ ಕಡೆಗೆ ಒಳ್ಳೆಯದು. ನಮ್ಮಲ್ಲಿ ಜ್ಞಾಪನ ಎಂದು ಒಂದು ಕ್ರಮವಿತ್ತು. ವಿಷಯ, ಉಲ್ಲೇಖ, ದಿನಾಂಕ ಹಾಕಿ, "ಉಲ್ಲೇಖಿತ ವಿಷಯಕ್ಕೆ ಸಂಬಂಧಿಸಿದಂತೆ ಮಾಹಿತಿಯು ಈವರೆಗೆ ಸ್ವೀಕೃತವಾಗಿರುವುದಿಲ್ಲ, ಆದ್ದರಿಂದ ತುರ್ತಾಗಿ ಒದಗಿಸಲು ಕೋರಿದೆ" ಎಂದು ಬರೆದರೆ ಮುಗಿಯಿತು. ಇದರಲ್ಲಿ ಯಾರು ಮಾಡಿಲ್ಲ ಎಂಬ ಮಾತೇ ಇಲ್ಲ. ಅದಕ್ಕೆ ಉತ್ತರ ಬಾರದಿದ್ದರೆ ಎರಡನೆಯ ಜ್ಞಾಪನ. ತಾವು ಎಂಬ ಗೌರವವನ್ನು ಮಾತ್ರ ಎಂದಿಗೂ ಬಿಡಬೇಡಿ. ಒಂದು ಪ್ರತಿಯನ್ನು ಮಾಹಿತಿಗಾಗಿ ಮೇಲಧಿಕಾರಿಗೆ ಕಳುಹಿಸಿ. ಅದು ದೂರಲ್ಲ, ಪದ್ಧತಿ.

ತುಂಗಾತೀರ (12:32)

ಪತ್ರದ ಭಾಷೆಗೆ ಹೋಗುವ ಮುನ್ನ ಅದರಲ್ಲಿರುವ ವಿಷಯವನ್ನು ಸ್ವಲ್ಪ ನೋಡೋಣ. ಶಿವಮೊಗ್ಗದಲ್ಲಿ ಹಲವು ಸಣ್ಣ ಕಂಪನಿಗಳ ತೆರಿಗೆ ಕೆಲಸವನ್ನು ನೋಡಿಕೊಳ್ಳುವವನಾಗಿ ನನಗೆ ಅನಿಸುವುದೇನೆಂದರೆ, ನಿಮ್ಮ ಪತ್ರದ ಮುಳ್ಳು ಅರ್ಧದಷ್ಟು ಭಾಷೆಯಲ್ಲಿದೆ, ಇನ್ನರ್ಧ ನಿಖರವಲ್ಲದ ಮಾತುಗಳಲ್ಲಿದೆ. "ಕೆಲಸವೆಲ್ಲ ನಿಂತುಹೋಗಿದೆ", "ಎಲ್ಲರಿಗೂ ತೊಂದರೆಯಾಗುತ್ತದೆ" ಎಂಬ ಎರಡು ವಾಕ್ಯಗಳು ಪೂರ್ತಿ ನಿಜವಲ್ಲ. ನಿಜಕ್ಕಿಂತ ದೊಡ್ಡದಾಗಿ ಹೇಳಿದ ತೊಂದರೆ ಓದುವವರ ಹೆಗಲ ಮೇಲೆ ಆಪಾದನೆಯಾಗಿಯೇ ಕೂರುತ್ತದೆ.

ನೀವು ಎರಡು ಪಟ್ಟಿಗಳನ್ನು ಒಂದಾಗಿ ಕೇಳುತ್ತಿದ್ದೀರಿ. ಅವೆರಡೂ ಒಂದೇ ಅವಸರದವಲ್ಲ. ಡಿಪೋದಿಂದ ಒಬ್ಬ ವ್ಯಾಪಾರಿಗೆ ₹1,00,000 ಬೆಲೆಯ ಪೈಪು ಹೋಗಿದೆ ಎನ್ನಿ. ಪಿವಿಸಿ ಪೈಪಿಗೆ 18% ಆದ್ದರಿಂದ ಅದರ ಮೇಲಿನ ತೆರಿಗೆ ₹18,000. ಆ ಬಿಲ್ಲು 11ರ ಮಧ್ಯರಾತ್ರಿಯೊಳಗೆ ಸಲ್ಲಿಕೆಯಾದ ನಿಮ್ಮ ಜಿಎಸ್‌ಟಿಆರ್-1ರಲ್ಲಿದ್ದರೆ, 14ರಂದು ಆ ವ್ಯಾಪಾರಿಗೆ ಸಿಗುವ 2ಬಿಯಲ್ಲಿ ಅದು ಕಾಣುತ್ತದೆ. ಇಲ್ಲದಿದ್ದರೆ ಕಾಣುವುದಿಲ್ಲ, ಆಗ 20ರಂದು ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಸಲ್ಲಿಸುವಾಗ ಆ ₹18,000ವನ್ನು ಅವನು ತನ್ನ ಕೈಯಿಂದ ಕಟ್ಟಿ, ಕ್ರೆಡಿಟ್‌ಗಾಗಿ ಮುಂದಿನ ತಿಂಗಳವರೆಗೆ ಕಾಯಬೇಕು. ಆದ್ದರಿಂದ ಬಿಲ್ಲುಗಳ ಪಟ್ಟಿಗೆ ಅವಸರವಿರುವುದು ಖಂಡಿತ.

ಕ್ರೆಡಿಟ್ ನೋಟಿನ ಕಥೆ ಬೇರೆ. ಅದು ಈ ತಿಂಗಳು ಸೇರದೆ ಹೋದರೆ ವ್ಯಾಪಾರಿಯ ಕ್ರೆಡಿಟ್ ಕಡಿಮೆಯಾಗುವುದಿಲ್ಲ. ನಿಮ್ಮ ಕಂಪನಿಯೇ ಈ ತಿಂಗಳು ಅಷ್ಟು ತೆರಿಗೆಯನ್ನು ಹೆಚ್ಚಾಗಿ ಕಟ್ಟುತ್ತದೆ, ಮುಂದಿನ ತಿಂಗಳ ರಿಟರ್ನಿನಲ್ಲಿ ಕ್ರೆಡಿಟ್ ನೋಟು ತೋರಿಸಿದಾಗ ಅದು ಸರಿಹೋಗುತ್ತದೆ. ಹಣದ ಮಟ್ಟಿಗೆ ನಷ್ಟವಿಲ್ಲ, ಒಂದು ತಿಂಗಳ ಮಟ್ಟಿಗೆ ಕೈ ಬಿಗಿಯಾಗುತ್ತದೆ ಅಷ್ಟೆ. ಹಾಗಿರುವಾಗ ಎರಡಕ್ಕೂ "ಕೂಡಲೇ" ಎನ್ನುವ ಅಗತ್ಯವಿದೆಯೇ?

ಇನ್ನೊಂದು ಮಾತು. ಹುಬ್ಬಳ್ಳಿಯ ಬಿಲ್ಲುಗಳನ್ನು ನೀವು ಈಗಲೇ ಪೋರ್ಟಲ್‌ನಲ್ಲಿ ತುಂಬಿ ಉಳಿಸಿಟ್ಟುಕೊಳ್ಳಬಹುದು. ಸಲ್ಲಿಸುವ ಗುಂಡಿ ಒತ್ತುವವರೆಗೆ ಡಿಪೋದ ಬಿಲ್ಲುಗಳನ್ನು ಸೇರಿಸುತ್ತಾ ಹೋಗಬಹುದು. ಆದ್ದರಿಂದ ನಿಮ್ಮ ಕೆಲಸ ನಿಂತಿಲ್ಲ, ಡಿಪೋದ ಭಾಗವೊಂದೇ ಬಾಕಿಯಿದೆ. ಹಾಗೆಯೇ ಬರೆಯಿರಿ.

ಹೊಸಬ_ಲೆಕ್ಕಿಗ (12:40)

ಇ-ಇನ್‌ವಾಯ್ಸ್ ಮಾಡಿದ ಬಿಲ್ಲುಗಳು ತಾವಾಗಿಯೇ ಜಿಎಸ್‌ಟಿಆರ್-1ಕ್ಕೆ ಬಂದು ಸೇರುತ್ತವಲ್ಲ? ಹಾಗಾದರೆ ಡಿಪೋದವರಿಂದ ಪಟ್ಟಿ ಕೇಳುವುದೇ ಬೇಡ.

ಲೆಕ್ಕದಮನೆ (12:46)

ನಮ್ಮ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿಲ್ಲ, ಆದ್ದರಿಂದ ನಮಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿಲ್ಲ, ನಾವು ಮಾಡುತ್ತಲೂ ಇಲ್ಲ. ತುಂಗಾತೀರ ಸರ್, ತುಂಬ ಉಪಕಾರವಾಯಿತು. ಕ್ರೆಡಿಟ್ ನೋಟಿನ ವಿಷಯವನ್ನು ನಾನು ತಪ್ಪಾಗಿ ತಿಳಿದುಕೊಂಡಿದ್ದೆ. ಡಿಪೋದವರಿಗೂ ಅದನ್ನೇ ಹಲವು ಸಲ ಹೇಳಿದ್ದೇನೆ, ಎರಡೂ ಒಟ್ಟಿಗೆ ಬರಬೇಕು ಎಂದು.

ಕನ್ನಡಮೇಷ್ಟ್ರು (1:15)

ತೆರಿಗೆಯ ವಿಷಯ ನನಗೆ ತಿಳಿಯದು. ಭಾಷೆಯ ಬಗ್ಗೆ ಕೇಳಿದ್ದೀರಿ, ಅದನ್ನಷ್ಟೇ ಹೇಳುತ್ತೇನೆ.

ನಿಮ್ಮ ಮೊದಲ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿ. "ತಾವು ಕಳುಹಿಸುತ್ತೇನೆಂದು ಹೇಳಿದ್ದಿರಿ. ಆದರೂ ಇದುವರೆಗೂ ಕಳುಹಿಸಿಲ್ಲ." ಮೊದಲನೆಯದು ಅವರ ಮಾತನ್ನೇ ಅವರ ಮುಂದೆ ಹಿಡಿಯುತ್ತದೆ, ಎರಡನೆಯದು ಆ ಮಾತು ಸುಳ್ಳಾಯಿತು ಎನ್ನುತ್ತದೆ. ಸಾಕ್ಷಿ ಮುಂದಿಟ್ಟು ತೀರ್ಪು ಕೊಟ್ಟ ಹಾಗೆ. ಎರಡೂ ವಾಕ್ಯಗಳಲ್ಲಿ ಕರ್ತೃ ಅವರೇ. ಅದರ ಬದಲು ಪಟ್ಟಿಯನ್ನೇ ಕರ್ತೃವಾಗಿಸಿ: "ಅಕ್ಟೋಬರ್ ಪಟ್ಟಿ ನನ್ನ ಕೈಸೇರಿಲ್ಲ." ದಿನಾಂಕವನ್ನು ಹೇಳಲೇಬೇಕೆಂದಿದ್ದರೆ "7ಕ್ಕೆ ಎಂದು ಮಾತಾಗಿತ್ತು" ಎನ್ನಿ. ಮಾತಾಗಿತ್ತು ಎಂದರೆ ಆ ಮಾತಿನಲ್ಲಿ ನೀವಿಬ್ಬರೂ ಇದ್ದಿರಿ, ಅದು ಅವರೊಬ್ಬರ ಹೊಣೆಯಾಗಿ ಉಳಿಯುವುದಿಲ್ಲ. ಹೀಗೆ ಹೇಳುವುದಕ್ಕೆ ಕನ್ನಡದಲ್ಲಿ ಒಳ್ಳೆಯ ದಾರಿಗಳಿವೆ, "ಕಳುಹಿಸಲ್ಪಟ್ಟಿಲ್ಲ" ಎಂಬಂಥ ಕಷ್ಟದ ರೂಪಕ್ಕೆ ಹೋಗಬೇಕಾಗಿಲ್ಲ.

"ಆದರೂ" ಮತ್ತು "ಇದುವರೆಗೂ" ಎರಡನ್ನೂ ಬಿಡಿ. "ಇದುವರೆಗೆ" ಎಂದರೆ ಕಾಲವನ್ನು ಹೇಳಿದಂತೆ, "ಇದುವರೆಗೂ" ಎಂದರೆ ಕಾದು ಸಾಕಾಯಿತು ಎಂದು ಹೇಳಿದಂತೆ. ಕೊನೆಯ ಆ ಒಂದು ದೀರ್ಘ ಸ್ವರ ಅಷ್ಟು ಕೆಲಸ ಮಾಡುತ್ತದೆ. ಹಾಗೆಯೇ "ಸಲ್ಲಿಸದಿದ್ದರೆ ತೊಂದರೆಯಾಗುತ್ತದೆ" ಎಂಬಲ್ಲಿ ಬೆದರಿಕೆಯ ಛಾಯೆಯಿದೆ. "ಸೋಮವಾರದೊಳಗೆ ಬಂದರೆ ವ್ಯಾಪಾರಿಗಳ 2ಬಿಯಲ್ಲಿ ಕಾಣುತ್ತದೆ" ಎಂದರೆ ವಿಷಯ ಅದೇ, ಆದರೆ ಓದುವವರಿಗೆ ಮಾಡಬಹುದಾದ ಕೆಲಸವೊಂದು ಕಾಣುತ್ತದೆ.

"ಅನ್ಯಥಾ ಭಾವಿಸಬೇಡಿ" ಎಂಬುದನ್ನಂತೂ ತೆಗೆದುಬಿಡಿ. ಅನ್ಯಥಾ ಭಾವಿಸುವಂಥದ್ದು ಈ ಪತ್ರದಲ್ಲಿದೆ ಎಂದು ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ಅಂಥದ್ದು ಇಲ್ಲದ ಹಾಗೆ ಬರೆದರೆ ಆ ಮಾತು ಬೇಕಾಗುವುದಿಲ್ಲ.

ಹಳೆಕಡತ ಅವರ ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ನೀವು ದಿನವೂ ಅವರನ್ನು "ನೀವು" ಎಂದು ಮಾತನಾಡಿಸುತ್ತಿದ್ದರೆ ಇಂದು ಇದ್ದಕ್ಕಿದ್ದಂತೆ "ತಾವು" ಎಂದು ಬರೆಯಬೇಡಿ. ದಿನವೂ ಇರುವ ತಾವು ಗೌರವ. ತಪ್ಪಾದ ದಿನ ಮಾತ್ರ ಬರುವ ತಾವು ದೂರ ಸರಿದಂತೆ ಕೇಳಿಸುತ್ತದೆ.

ಹಳೆಕಡತ (1:30)

ತಾವು ಎಂಬುದು ದೂರವೆನಿಸುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಾಲದಲ್ಲಿ ಕೈಕೆಳಗಿನವರಿಗೂ ತಾವು ಎಂದೇ ಬರೆಯುತ್ತಿದ್ದೆವು, ಯಾರೂ ಬೇಸರಪಟ್ಟದ್ದಿಲ್ಲ. ಆದರೆ ಖಾಸಗಿ ಕಂಪನಿಯ ರೂಢಿ ಬೇರೆ ಇರಬಹುದು.

ಗೋದಾಮಿನವ (2:05)

ನಾನು ಈ ಕಥೆಯ ಇನ್ನೊಂದು ಬದಿಯವನು. ಹನ್ನೊಂದು ವರ್ಷಗಳಿಂದ ಒಂದು ಗೋದಾಮು ನೋಡಿಕೊಳ್ಳುತ್ತಿದ್ದೇನೆ, ಪಟ್ಟಿ ತಡಮಾಡಿದವನು ನಾನೇ ಆಗಿದ್ದ ದಿನಗಳಿವೆ. ಅವರ ಕಡೆಯಿಂದ ಏನಾಗಿರಬಹುದು ಎಂದು ಹೇಳಲು ಪ್ರಯತ್ನಿಸುತ್ತೇನೆ.

ದೀಪಾವಳಿಯಾದ ಮೇಲೆ ವಾಪಸು ಬರುವ ಮಾಲು ಹೆಚ್ಚು. ವ್ಯಾಪಾರಿ ಒಂದು ಟೆಂಪೋದಲ್ಲಿ ಪೈಪು ಹಾಕಿ ಕಳುಹಿಸಿಬಿಡುತ್ತಾನೆ, ಜೊತೆಗೆ ಕಾಗದವಿರುವುದಿಲ್ಲ. ಯಾವ ಬಿಲ್ಲಿನ ಮಾಲು ಎಂದು ಹುಡುಕಬೇಕು, ಎಷ್ಟು ಒಡೆದಿದೆ ಎಂದು ಎಣಿಸಬೇಕು, ವ್ಯಾಪಾರಿಗೆ ಫೋನು ಮಾಡಿ ಒಪ್ಪಿಸಬೇಕು. ಇಷ್ಟು ಮುಗಿಯದೆ ಕ್ರೆಡಿಟ್ ನೋಟು ಆಗುವುದಿಲ್ಲ. ನನ್ನ ಅನುಭವದಲ್ಲಿ ಪಟ್ಟಿ ತಡವಾದದ್ದು ಬಿಲ್ಲುಗಳಿಂದ ಅಲ್ಲ, ಯಾವಾಗಲೂ ವಾಪಸಾತಿಯಿಂದ. ಬಿಲ್ಲುಗಳ ಪಟ್ಟಿ 2ನೇ ತಾರೀಕಿಗೇ ಸಿದ್ಧವಿರುತ್ತಿತ್ತು. ಅರ್ಧ ಪಟ್ಟಿ ಕಳುಹಿಸಿದರೆ ಏನೆಂದುಕೊಳ್ಳುತ್ತಾರೋ ಎಂದು ನಾನು ಅದನ್ನೂ ಇಟ್ಟುಕೊಂಡು ಕೂರುತ್ತಿದ್ದೆ. ದಿನ ಕಳೆದಂತೆ ಫೋನು ಮಾಡಿ ಹೇಳುವುದೂ ಕಷ್ಟವಾಗುತ್ತಿತ್ತು. ನಿಮ್ಮ ಡಿಪೋದವರಿಗೂ ಎರಡೂ ಒಟ್ಟಿಗೆ ಬರಬೇಕು ಎಂದು ಹೇಳಿದ್ದೀರಿ ಎಂದಿರಲ್ಲ, ಅದನ್ನು ಓದಿ ಈ ಮಾತು ಬರೆಯಬೇಕೆನಿಸಿತು.

ಒಮ್ಮೆ ನಮ್ಮ ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಗೋದಾಮಿನ ಪಟ್ಟಿ ಇನ್ನೂ ಬಂದಿಲ್ಲ" ಎಂದು ಹಾಕಿದರು. ಮೇಷ್ಟ್ರು ಹೇಳಿದ ಹಾಗೆ ಕರ್ತೃ ಪಟ್ಟಿಯೇ, ನನ್ನ ಹೆಸರಿರಲಿಲ್ಲ. ಆದರೆ ಆ ಗುಂಪಿನಲ್ಲಿದ್ದ 26 ಜನರಿಗೂ ಗೋದಾಮು ಎಂದರೆ ನಾನೊಬ್ಬನೇ ಎಂದು ಗೊತ್ತಿತ್ತು. ಆ ದಿನ ಊಟ ಸೇರಲಿಲ್ಲ. ಅದಕ್ಕೇ ಹೇಳುತ್ತೇನೆ, ವಾಕ್ಯ ಎಷ್ಟು ಮೆತ್ತಗಿದ್ದರೂ ಅದನ್ನು ಯಾರ ಮುಂದೆ ಹೇಳಿದಿರಿ ಎಂಬುದು ಅದಕ್ಕಿಂತ ಮುಖ್ಯ. ಅವರೊಬ್ಬರಿಗೇ ಬರೆಯಿರಿ, ಯಾರಿಗೂ ಪ್ರತಿ ಬೇಡ.

ಕನ್ನಡಮೇಷ್ಟ್ರು (2:18)

ಇದನ್ನು ನಾನು ಯೋಚಿಸಿರಲಿಲ್ಲ. ಕರ್ತೃವನ್ನು ವಾಕ್ಯದಿಂದ ತೆಗೆದರೂ ಓದುವವರ ಮನಸ್ಸಿನಿಂದ ತೆಗೆಯಲಾಗುವುದಿಲ್ಲ. ಒಪ್ಪುತ್ತೇನೆ.

ತುಂಗಾತೀರ (2:26)

ಪ್ರತಿಯ ವಿಷಯದಲ್ಲಿ ನನಗೆ ಎರಡು ಮನಸ್ಸು. ಈಗ ಬೇಡ ಎಂಬುದು ಸರಿ. ಆದರೆ ಸೋಮವಾರ ಸಂಜೆಯವರೆಗೂ ಬಾರದಿದ್ದರೆ ವ್ಯವಸ್ಥಾಪಕರಿಗೆ ಹೇಳಲೇಬೇಕಾಗುತ್ತದೆ, ಏಕೆಂದರೆ ಡಿಪೋದ ಬಿಲ್ಲುಗಳಿಲ್ಲದೆ ಸಲ್ಲಿಸುವುದೋ, ಕಾದು ದಿನಕ್ಕೆ ₹50 ವಿಳಂಬ ಶುಲ್ಕದೊಂದಿಗೆ ತಡವಾಗಿ ಸಲ್ಲಿಸುವುದೋ ಎಂಬ ತೀರ್ಮಾನ ನಿಮ್ಮದಲ್ಲ. ಕಾದರೆ ಹುಬ್ಬಳ್ಳಿಯಿಂದ ಕೊಂಡ ವ್ಯಾಪಾರಿಗಳ ಕ್ರೆಡಿಟ್ ಕೂಡ ತಡವಾಗುತ್ತದೆ ಎಂಬುದು ನೆನಪಿರಲಿ. ಹಾಗೆ ಹೇಳುವ ಪ್ರಸಂಗ ಬಂದರೆ ಅದನ್ನು ಡಿಪೋದವರಿಗೆ ಮೊದಲು ತಿಳಿಸಿ ಆಮೇಲೆ ಹೇಳಿ. ಅವರ ಬೆನ್ನ ಹಿಂದೆ ಹೋಗಬೇಡಿ.

ಲೆಕ್ಕದಮನೆ (2:50)

ಎಲ್ಲರ ಮಾತನ್ನೂ ಇಟ್ಟುಕೊಂಡು ಮತ್ತೆ ಬರೆದೆ. ದಯಮಾಡಿ ನೋಡಿ.

"ಸರ್, ನಮಸ್ಕಾರ. ಅಕ್ಟೋಬರ್ ತಿಂಗಳ ಡಿಪೋ ಬಿಲ್ಲುಗಳ ಪಟ್ಟಿ ನನಗೆ ಸಿಕ್ಕಿಲ್ಲ. ಬಹುಶಃ ನೀವು ಕಳುಹಿಸಿದ್ದು ನನ್ನ ಮೇಲ್‌ನಲ್ಲಿ ಎಲ್ಲೋ ತಪ್ಪಿಹೋಗಿರಬೇಕು. ಹುಬ್ಬಳ್ಳಿಯ ಬಿಲ್ಲುಗಳನ್ನು ತುಂಬಿ ಇಟ್ಟಿದ್ದೇನೆ, ಡಿಪೋದ ಬಿಲ್ಲುಗಳಷ್ಟೇ ಸೇರಬೇಕು. ಅವು ಸೋಮವಾರ ಸಂಜೆ 5ರೊಳಗೆ ಬಂದರೆ ಮಂಗಳವಾರ ಸಲ್ಲಿಸಿ ಎಲ್ಲ ವ್ಯಾಪಾರಿಗಳ 2ಬಿಯಲ್ಲೂ ಕಾಣುವಂತೆ ಮಾಡಬಹುದು. ಕ್ರೆಡಿಟ್ ನೋಟುಗಳು ಈಗಲೇ ಬೇಕಾಗಿಲ್ಲ, ಸಿದ್ಧವಾದಷ್ಟನ್ನು ಕಳುಹಿಸಿ, ಉಳಿದದ್ದನ್ನು ಮುಂದಿನ ತಿಂಗಳು ಸೇರಿಸುತ್ತೇನೆ. ಎರಡೂ ಒಟ್ಟಿಗೆ ಬೇಕೆಂದು ನಾನೇ ಹಿಂದೆ ಹೇಳಿದ್ದೆ, ಅದು ನನ್ನ ತಪ್ಪು ತಿಳಿವಳಿಕೆ. ನನ್ನಿಂದ ಏನಾದರೂ ಆಗಬೇಕಿದ್ದರೆ ಹೇಳಿ ಸರ್."

ಗೋದಾಮಿನವ (3:02)

ಒಂದೇ ಒಂದು ವಾಕ್ಯ ಬಿಡಿ. "ನನ್ನ ಮೇಲ್‌ನಲ್ಲಿ ತಪ್ಪಿಹೋಗಿರಬೇಕು" ಎಂಬುದು. ಅವರು ಕಳುಹಿಸಿಲ್ಲ ಎಂದು ನಿಮಗೂ ಗೊತ್ತು, ಅವರಿಗೂ ಗೊತ್ತು. ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ಆದರೆ ಓದುವಾಗ ಅವರು ಒಂದೋ ಸುಳ್ಳು ಹೇಳಬೇಕು, ಇಲ್ಲವೇ ನೀವು ಕೊಟ್ಟ ನೆಪವನ್ನು ತಿರಸ್ಕರಿಸಿ ತಪ್ಪೊಪ್ಪಿಕೊಳ್ಳಬೇಕು. ಎರಡೂ ಕಷ್ಟ. ಉಳಿದದ್ದು ಚೆನ್ನಾಗಿದೆ. ಕ್ರೆಡಿಟ್ ನೋಟಿನ ಮಾತನ್ನು ನಾನಾಗಿದ್ದರೆ ಎರಡು ಸಲ ಓದುತ್ತಿದ್ದೆ.

ಹಳೆಕಡತ (3:10)

"ನನ್ನ ತಪ್ಪು ತಿಳಿವಳಿಕೆ" ಎಂದು ಬರಹದಲ್ಲಿ ಒಪ್ಪಿಕೊಳ್ಳುವ ಅಗತ್ಯವಿಲ್ಲ. ನಾಳೆ ಯಾರಾದರೂ ಕಡತ ತೆರೆದು ನೋಡಿದರೆ ವಿಳಂಬಕ್ಕೆ ಕಾರಣ ನೀವೇ ಎಂದಾಗುತ್ತದೆ.

ಲೆಕ್ಕದಮನೆ (3:16)

ಹಳೆಕಡತ ಸರ್, ತಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಎರಡೂ ಒಟ್ಟಿಗೆ ಬೇಕು ಎಂದು ನಾನು ಹೇಳಿದ್ದು ನಿಜ, ಅದರಿಂದಲೇ ಅವರು ಬಿಲ್ಲುಗಳ ಪಟ್ಟಿಯನ್ನೂ ಇಟ್ಟುಕೊಂಡಿರುವ ಸಾಧ್ಯತೆಯಿದೆ. ಆ ವಾಕ್ಯವನ್ನು ಇರಿಸಿಕೊಂಡಿದ್ದೇನೆ, ಮೇಲ್‌ನ ವಾಕ್ಯವನ್ನು ತೆಗೆದಿದ್ದೇನೆ. ಕಳುಹಿಸಿದೆ.

ಬಳ್ಳಾರಿ_ಲೆಕ್ಕ (ನವೆಂಬರ್ 9, ಭಾನುವಾರ, ಸಂಜೆ 6:30)

ತಡವಾಗಿ ಓದಿದೆ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಒಬ್ಬ ಸಹೋದ್ಯೋಗಿಗೆ ಎಂಟು ತಿಂಗಳು ಹೀಗೆಯೇ ಮೃದುವಾಗಿ ಬರೆದೆ. ಪ್ರತಿ ತಿಂಗಳೂ ಪಟ್ಟಿ ತಡವಾಯಿತು, ಪ್ರತಿ ತಿಂಗಳೂ ನಾನು ರಾತ್ರಿ ಹತ್ತರವರೆಗೆ ಕೂತು ಸರಿಪಡಿಸಿದೆ. ಕೊನೆಗೆ "ನಿಮ್ಮ ಪಟ್ಟಿ ತಡವಾಗುವುದರಿಂದ ನನಗೆ ಕಷ್ಟವಾಗುತ್ತಿದೆ" ಎಂದು ನೇರವಾಗಿ ಹೇಳಿದೆ. ಅವರು ಆಶ್ಚರ್ಯಪಟ್ಟರು, ಇದು ಅಷ್ಟು ಮುಖ್ಯ ಎಂದು ತಮಗೆ ಗೊತ್ತೇ ಇರಲಿಲ್ಲ ಎಂದರು. ಮೃದುತ್ವದಲ್ಲಿ ವಿಷಯವೇ ಮುಚ್ಚಿಹೋಗಬಾರದು.

ತುಂಗಾತೀರ (7:05)

ನಿಮ್ಮ ಪತ್ರಗಳಲ್ಲಿ ದಿನ ಮತ್ತು ಹೊತ್ತು ಇರುತ್ತಿತ್ತೇ? "ಆದಷ್ಟು ಬೇಗ", "ಅನುಕೂಲವಾದಾಗ" ಎಂದು ಬರೆದಿದ್ದರೆ ಅವರಿಗೆ ಗೊತ್ತಾಗದಿದ್ದದ್ದು ಸಹಜ. "ಸೋಮವಾರ ಸಂಜೆ 5" ಎಂಬುದರಲ್ಲಿ ಯಾರ ಮೇಲೂ ದೂರಿಲ್ಲ, ಅಸ್ಪಷ್ಟತೆಯೂ ಇಲ್ಲ.

ಬಳ್ಳಾರಿ_ಲೆಕ್ಕ (7:20)

ಇರುತ್ತಿರಲಿಲ್ಲ. "ಅನುಕೂಲವಾದಾಗ" ಎಂದೇ ಬರೆಯುತ್ತಿದ್ದೆ. ಆದರೂ ಒಂದು ಹಂತದ ನಂತರ ನೇರ ಮಾತು ಬೇಕಾಗುತ್ತದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಲೆಕ್ಕದಮನೆ (ನವೆಂಬರ್ 11, ಮಂಗಳವಾರ, ರಾತ್ರಿ 8:40)

ಏನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ. ಶನಿವಾರ ಉತ್ತರ ಬರಲಿಲ್ಲ. ಭಾನುವಾರ ನಾನೂ ಕೇಳಲಿಲ್ಲ. ಸೋಮವಾರ ಬೆಳಿಗ್ಗೆ 9:30ಕ್ಕೆ ಅವರೇ ಫೋನು ಮಾಡಿದರು. ಬಿಲ್ಲುಗಳ ಪಟ್ಟಿ ವಾರದಿಂದ ಸಿದ್ಧವಾಗಿಯೇ ಇತ್ತಂತೆ. ಒಂಬತ್ತು ಕಡೆಯಿಂದ ಬಂದ ವಾಪಸು ಮಾಲಿನ ಲೆಕ್ಕ ಹೊಂದುತ್ತಿರಲಿಲ್ಲ, ಅದಕ್ಕಾಗಿ ಕಾಯುತ್ತಿದ್ದರು. "ಬಿಲ್ಲು ಮಾತ್ರ ಸಾಕು ಅಂತ ಮೊದಲೇ ಹೇಳಬಾರದಿತ್ತೇನವ್ವಾ" ಎಂದರು. ಬೇಸರದ ದನಿಯಾಗಿರಲಿಲ್ಲ, ಸಮಾಧಾನದ ದನಿಯಾಗಿತ್ತು. ಹತ್ತು ನಿಮಿಷದಲ್ಲಿ ಪಟ್ಟಿ ಬಂತು.

43 ಬಿಲ್ಲುಗಳಲ್ಲಿ 41 ಸರಿಯಾಗಿದ್ದವು. ಎರಡರಲ್ಲಿ ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆಯ ಅಕ್ಷರಗಳು ಅದಲುಬದಲಾಗಿ ಪೋರ್ಟಲ್ ಅದನ್ನು ತೆಗೆದುಕೊಳ್ಳಲಿಲ್ಲ. ಒಂದನ್ನು ಅವರೇ ಇಂದು ಮಧ್ಯಾಹ್ನ ವ್ಯಾಪಾರಿಯಿಂದ ಕೇಳಿ ಸರಿಪಡಿಸಿದರು. ಇನ್ನೊಬ್ಬ ವ್ಯಾಪಾರಿ ಸಂಜೆಯವರೆಗೆ ಫೋನು ಎತ್ತಲಿಲ್ಲ. ವ್ಯವಸ್ಥಾಪಕರನ್ನು ಕೇಳಿ, ಆ ಒಂದನ್ನು ಬಿಟ್ಟು 7:15ಕ್ಕೆ ಸಲ್ಲಿಸಿದೆ.

ತುಂಗಾತೀರ (9:05)

ಉಳಿದ ಆ ಬಿಲ್ಲನ್ನು 3ಬಿ ಸಲ್ಲಿಸುವ ಮುನ್ನ, ಸಲ್ಲಿಸಿದ ರಿಟರ್ನಿನಲ್ಲಿ ಬಿಟ್ಟುಹೋದದ್ದನ್ನು ಸೇರಿಸುವ ಜಿಎಸ್‌ಟಿಆರ್-1ಎಯಲ್ಲಿ ಸೇರಿಸಿ. ತೆರಿಗೆಯನ್ನು ಈ ತಿಂಗಳೇ ಕಟ್ಟಿದಂತಾಗುತ್ತದೆ. ಆದರೆ ಆ ವ್ಯಾಪಾರಿಗೆ ಅದು ಈಗಿನ 2ಬಿಯಲ್ಲಿ ಕಾಣುವುದಿಲ್ಲ, ಡಿಸೆಂಬರ್ 14ರಂದು ಬರುವುದರಲ್ಲಿ ಕಾಣುತ್ತದೆ. ಅವನಿಗೆ ಈಗಲೇ ತಿಳಿಸಿಬಿಡಿ, 20ರಂದು ಅವನಿಗೆ ಹಣ ಹೊಂದಿಸಬೇಕಾಗುತ್ತದೆ.

ಲೆಕ್ಕದಮನೆ (9:20)

ಅದನ್ನು ನಾನು ತಿಳಿಸುವುದೋ ಡಿಪೋದವರು ತಿಳಿಸುವುದೋ ಎಂದು ಯೋಚಿಸುತ್ತಿದ್ದೆ. ವ್ಯಾಪಾರಿ ಅವರ ಪರಿಚಯದವನು, ಆದರೆ ಅವರಿಂದಲೇ ಹೇಳಿಸಿದರೆ ತಪ್ಪನ್ನು ಅವರ ಬಾಯಿಂದಲೇ ಹೇಳಿಸಿದಂತೆ ಆಗಬಹುದು. ಅದಕ್ಕೆ ನಾನೇ ಬರೆದೆ: "ಅಕ್ಟೋಬರ್‌ನ ನಿಮ್ಮ ಒಂದು ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಹೊಂದದ ಕಾರಣ ಅದರ ತೆರಿಗೆಯ ಕ್ರೆಡಿಟ್ ನಿಮಗೆ ಡಿಸೆಂಬರ್ 14ರ 2ಬಿಯಲ್ಲಿ ಕಾಣುತ್ತದೆ. ಈ ತಿಂಗಳು ನಿಮಗೆ ಆಗುವ ಅನಾನುಕೂಲಕ್ಕೆ ಕ್ಷಮೆ ಕೋರುತ್ತೇವೆ. ನಿಮ್ಮ ನೋಂದಣಿ ಪ್ರಮಾಣಪತ್ರದ ಒಂದು ಫೋಟೋ ಕಳುಹಿಸಿದರೆ ಉಪಕಾರವಾಗುತ್ತದೆ." ಡಿಪೋದ ಸರ್‌ಗೆ ಇದನ್ನು ಕಳುಹಿಸುವ ಮೊದಲೇ ಓದಿ ಹೇಳಿದೆ.

ಗೋದಾಮಿನವ (9:34)

ಮುಂದಿನ ತಿಂಗಳ ಬಗ್ಗೆ ಅವರೊಂದಿಗೆ ಮಾತಾಯಿತೇ? ಬಿಲ್ಲುಗಳಿಗೆ ಒಂದು ದಿನ, ವಾಪಸಾತಿಗೆ ಬೇರೊಂದು ದಿನ ಇಟ್ಟುಕೊಂಡರೆ ಇಂಥ ಪತ್ರವೇ ಬೇಕಾಗಲಿಕ್ಕಿಲ್ಲ.

ಲೆಕ್ಕದಮನೆ (9:41)

ಬಿಲ್ಲುಗಳಿಗೆ 4ನೇ ತಾರೀಕು ಎಂದು ಅವರೇ ಹೇಳಿದರು. ಕ್ರೆಡಿಟ್ ನೋಟುಗಳಿಗೆ ಯಾವ ದಿನ ಎಂದು ಇನ್ನೂ ನಿರ್ಧಾರವಾಗಿಲ್ಲ. ಅವರು 9 ಎನ್ನುತ್ತಾರೆ, ಅಷ್ಟು ತಡವಾದರೆ ನನಗೆ ತಾಳೆ ನೋಡಲು ಒಂದೇ ದಿನ ಉಳಿಯುತ್ತದೆ. ಈ ಶನಿವಾರ ಸ್ಟಾಕ್ ನೋಡಲು ದಾವಣಗೆರೆಗೆ ಹೋಗುವುದಿದೆ, ಅಲ್ಲೇ ಕೂತು ಮಾತನಾಡುತ್ತೇವೆ.